ಮುದ್ದೆಗೆ ಸೌದೆ ಒಲೆಯೋ, ಇದ್ದಿಲು ಒಲೆಯೋ?

ತಿಪಟೂರು ಕಡೆಯ ನಮ್ಮ ತೋಟದ ಮನೆಯಲ್ಲಿ ಎರಡು ಥರದ ಒಲೆ ಇದೆ. ಅಡುಗೆಮನೆಯಲ್ಲಿ ಮಣ್ಣಿನ ಸೌದೆ ಒಲೆ, ಅದರ ಪಕ್ಕಕ್ಕೆ ಅಂಟಿಕೊಂಡೇ, ಅದರ ಉರಿಯಿಂದಲೇ ಕಾಯುವ ಕೋಡೊಲೆ. ಜಗುಲಿಯಲ್ಲಿ ಕಬ್ಬಿಣದ ಇದ್ದಿಲು ಒಲೆ. ಎರಡರ ಮೇಲೂ ಒಂದೇ ಅಡುಗೆ ಮಾಡಿ ನೋಡಿದ್ದೇನೆ: ನಾಲ್ಕು ಜನಕ್ಕೆ ರಾಗಿ ಮುದ್ದೆ, ಹುರುಳಿಕಾಳಿನ ಸಾರು.

ಮುದ್ದೆಯನ್ನೇ ಆರಿಸಿಕೊಂಡಿದ್ದಕ್ಕೆ ಕಾರಣ ಇದೆ. ಅರ್ಧ ಗಂಟೆಯೊಳಗೆ ಅದಕ್ಕೆ ಮೂರು ಥರದ ಕಾವು ಬೇಕು. ಎಸರು ಮರಳುವ ತನಕ ಜೋರು ಉರಿ. ಹಿಟ್ಟು ಹಾಕಿದ ಮೇಲೆ ಸಣ್ಣ ಉರಿ. ತೊಳಸಿದ ಮೇಲೆ ಬರೀ ಕೆಂಡದ ಕಾವು. ಒಲೆ ನಮ್ಮ ಮಾತು ಕೇಳುತ್ತೋ ಇಲ್ಲವೋ ಅನ್ನೋದು ಇಲ್ಲಿ ಗೊತ್ತಾಗುವಷ್ಟು ಅನ್ನ ಮಾಡುವಾಗ ಗೊತ್ತಾಗಲ್ಲ.

ಮೊದಲು ಸೌದೆ ಒಲೆ. ನಾಲ್ಕು ಲೋಟ ನೀರು ಇಡುತ್ತೇನೆ. ಹೊತ್ತಿಸೋಕೆ ತೆಂಗಿನ ಚಿಪ್ಪು ಮತ್ತು ಒಣಗಿದ ಗರಿ. ಕೊಬ್ಬರಿ ಮಾಡುವ ಊರಲ್ಲಿ ಚಿಪ್ಪಿಗೇನು ಬರ ಇಲ್ಲ. ಚಿಪ್ಪು ಬೇಗ ಹಿಡಿಯುತ್ತೆ, ಎತ್ತರಕ್ಕೆ ಉರಿಯುತ್ತೆ, ಆದರೆ ಅಷ್ಟೇ ಬೇಗ ಇಳಿದುಹೋಗುತ್ತೆ. ಹಾಗಾಗಿ ಅದು ಎಸರಿಗೆ ಮಾತ್ರ ಸರಿ. ಅದರ ಹಿಂದೆಯೇ ಎರಡು ಮೂರು ಜಾಲಿ ಸೌದೆ ಒಳಗೆ ತಳ್ಳುತ್ತೇನೆ, ಹೆಬ್ಬೆರಳಿಗಿಂತ ಸ್ವಲ್ಪ ದಪ್ಪಕ್ಕೆ ಸೀಳಿದ್ದು. ಜಾಲಿ ನಿಧಾನಕ್ಕೆ ಹಿಡಿದರೂ ಗಟ್ಟಿ ಕೆಂಡ ಬಿಡುತ್ತೆ, ಕೊನೆಗೆ ನಮಗೆ ಬೇಕಾಗೋದು ಅದೇ. ನೀಲಗಿರಿ ಹಾಕಿದಾಗ ಉರಿ ಚೆನ್ನಾಗಿಯೇ ಬಂತು, ಆದರೆ ಅದರ ಕೆಂಡ ನನ್ನ ಒಲೆಯಲ್ಲಿ ಜಾಲಿಯಷ್ಟು ಹೊತ್ತು ನಿಲ್ಲಲಿಲ್ಲ.

ಒಲೆ ಬಾಯಿಗೆ ಸೌದೆ ತುರುಕಬಾರದು. ಸೌದೆ ಕೆಳಗಿನ ಅರ್ಧದಲ್ಲೇ ಇರಬೇಕು, ಮೇಲಿನ ಅರ್ಧ ಗಾಳಿಗೆ ಬಿಡಬೇಕು. ಗಾಳಿ ಸಾಲದಿದ್ದರೆ ಉರಿ ಕೆಂಪಗೆ ಸೋಮಾರಿಯಾಗಿ ಆಡುತ್ತೆ, ತಪ್ಪಲೆ ತಳಕ್ಕೆ ಮಸಿ ದಪ್ಪಗೆ ಕೂರುತ್ತೆ. ಸೌದೆಯ ಹಿಂತುದಿ ಸೊಯ್ ಅಂತ ನೊರೆ ಉಗುಳಿದರೆ ಒಳಗಿನ್ನೂ ಹಸಿ ಇದೆ ಅಂತ ಅರ್ಥ. ಆಗ ಊದುಗೊಳವೆಯಲ್ಲಿ ಎಷ್ಟು ಊದಿದರೂ ಪ್ರಯೋಜನ ಇಲ್ಲ, ಎಷ್ಟೋ ಶಾಖ ಆ ನೀರು ಆರಿಸೋಕೇ ಹೋಗುತ್ತೆ. ಆ ಸೌದೆ ಎಳೆದು ಬೇರೆ ಹಾಕಬೇಕು.

ತಪ್ಪಲೆ ಕೂರುವ ಎತ್ತರವೂ ಮುಖ್ಯ. ಉರಿಯ ತುದಿ ತಳವನ್ನು ನೆಕ್ಕಬೇಕು, ಅಲ್ಲೇ ಕಾವು ಜಾಸ್ತಿ. ಒಲೆಗುಂಡು ತೀರಾ ಗಿಡ್ಡ ಆದರೆ ಹೊಗೆಗೆ ದಾರಿ ಇಲ್ಲದೆ ಬಾಯಿಂದಲೇ ವಾಪಸ್ ಬರುತ್ತೆ. ತೀರಾ ಎತ್ತರ ಆದರೆ ಉರಿ ಪಕ್ಕದಿಂದ ಜಾರಿ ಹೋಗುತ್ತೆ, ಎಸರು ಮರಳೋಕೆ ಒಂದು ಹೊರೆ ಸೌದೆ ಸುಡಬೇಕಾಗುತ್ತೆ. ನಮ್ಮ ಒಲೆಯಲ್ಲಿ ತಪ್ಪಲೆಗೂ ಒಲೆಯ ಅಂಚಿಗೂ ನಡುವೆ ಒಂದು ಬೆರಳು ತೂರುವಷ್ಟು ಸಂದಿ ಇದೆ, ಅದು ಸರಿಹೋಗುತ್ತೆ.

ಎಸರು ಕಾಯುವಾಗ ಒಂದು ಚಮಚ ರಾಗಿ ಹಿಟ್ಟನ್ನು ತಣ್ಣೀರಲ್ಲಿ ಕಲಸಿ ಹೊಯ್ಯುತ್ತೇನೆ. ಚೆನ್ನಾಗಿ ಮರಳಿದ ಮೇಲೆ ಎರಡು ಲೋಟ ಹಿಟ್ಟನ್ನು ನಡುವೆ ಗುಡ್ಡೆ ಹಾಕುತ್ತೇನೆ, ಕಲಕಲ್ಲ. ಮುದ್ದೆ ಕೋಲಿನಿಂದ ಗುಡ್ಡೆಯ ನಡುವೆ ತೂತು ಮಾಡಿದರೆ ಎಸರು ಅದರಿಂದ ಉಕ್ಕಿ ಹಿಟ್ಟನ್ನು ಬೇಯಿಸುತ್ತೆ. ಇಲ್ಲೇ ಉರಿ ತಟ್ಟನೆ ಇಳಿಯಬೇಕು. "ಕೊಳ್ಳಿ ಈಚೆಗೆ ಎಳಿಯಮ್ಮಾ, ತಳ ಹಿಡಿಯುತ್ತೆ" ಅಂತಾರೆ ನಮ್ಮತ್ತೆ. ಸೌದೆ ಒಲೆಯ ಗೆಲುವು ಇರೋದೇ ಈ ಕ್ಷಣದಲ್ಲಿ. ಎರಡು ಕೊಳ್ಳಿ ಈಚೆಗೆ ಎಳೆದರೆ ಒಂದು ನಿಮಿಷದೊಳಗೆ ಕುದಿ ಇಳಿಯುತ್ತೆ. ಒಂದು ಕೊಳ್ಳಿ ಒಳಗೆ ಬಿಟ್ಟರೆ ಬೇಕಾದಷ್ಟು ಉಳಿಯುತ್ತೆ. ಏಳೆಂಟು ನಿಮಿಷ ಹಾಗೆ ಬೆಂದ ಮೇಲೆ ತಪ್ಪಲೆ ಕೆಳಗಿಳಿಸಿ ತೊಳಸೋದು. ಆಮೇಲೆ ಕೆಂಡ ಮುಂದಕ್ಕೆ ಎಳೆದು ಹರಡಿ, ಅಂಚಿಗೆ ಸ್ವಲ್ಪ ನೀರು ಚಿಮುಕಿಸಿ, ಮುಚ್ಚಿ ಎರಡು ನಿಮಿಷ ಇಡೋದು. ಒದ್ದೆ ಕೈಯಲ್ಲಿ ಮುಟ್ಟಿದರೆ ಅಂಟದಿದ್ದರೆ ಬೆಂದಿದೆ.

ಈಗ ಇದ್ದಿಲು ಒಲೆ. ಇದು ನಡೆಯುವ ರೀತಿಯೇ ಬೇರೆ. ಸೌದೆಯಲ್ಲಿ ಉರಿ ಬರೋದು ಕಟ್ಟಿಗೆಯಿಂದ ಹೊರಡುವ ಅನಿಲದಿಂದ. ಇದ್ದಿಲಲ್ಲಿ ಆ ಅನಿಲ ಮೊದಲೇ ಹೋಗಿರುತ್ತೆ, ಉಳಿದಿದ್ದು ಕೆಂಡವಾಗಿ ಮೈಯಿಂದಲೇ ಕಾವು ಬೀರುತ್ತೆ. ಹೊತ್ತಿಕೊಂಡು ಮೇಲೆ ತೆಳು ಬೂದಿ ಕೂರೋಕೆ ಕಾಲು ಗಂಟೆಗೂ ಮೇಲೆ ಬೇಕು. ಎಸರು ಮರಳೋಕೆ ಸೌದೆಗಿಂತ ತಡ. ಅದನ್ನಾದರೂ ಕಾಯಬಹುದು, ತೊಂದರೆ ಕೊಡೋದು ಇಳಿಸುವಾಗ. ಕೆಳಗಿನ ಗಾಳಿ ಬಾಗಿಲು ಮುಚ್ಚಿದರೂ ಕೆಂಡ ಹಲವು ನಿಮಿಷ ಅದೇ ಕಾವು ಕೊಡ್ತಾನೇ ಇರುತ್ತೆ. ಅಷ್ಟರಲ್ಲಿ ಎಸರು ಉಕ್ಕಿ ಚೆಲ್ಲುತ್ತೆ, ಇಲ್ಲವೇ ತಪ್ಪಲೆಯ ನಡುತಳ ಸೀಯುತ್ತೆ. ನೀರು ಜಾಸ್ತಿ ಇಂಗಿ ಮುದ್ದೆ ಗಟ್ಟಿಯಾಗಿ ಒಳಗೆ ಬಿಳಿ ಗಂಟು ಉಳಿಯುತ್ತೆ.

ಆದರೆ ಅದೇ ಇದ್ದಿಲು ಹುರುಳಿ ಸಾರಿಗೆ ನನಗೆ ತುಂಬಾ ಇಷ್ಟ. ರಾತ್ರಿ ನೆನೆಸಿದ ಕಾಳನ್ನು ಇಟ್ಟು ಗಾಳಿ ಬಾಗಿಲನ್ನು ಕಾಲು ಭಾಗ ತೆರೆದಿಟ್ಟರೆ ಒಂದು ಗಂಟೆ ಪಕ್ಕದಲ್ಲಿ ಕೂರಬೇಕಾಗಿಲ್ಲ. ಕಾವು ಒಂದೇ ಸಮ, ತಪ್ಪಲೆಗೆ ಮಸಿ ಇಲ್ಲ. ಹೊಸ ಇದ್ದಿಲು ಸೇರಿಸುವಾಗ ಮಾತ್ರ ಎಚ್ಚರ ಬೇಕು. ಅದನ್ನು ಕೆಂಡದ ಮೇಲೆ ಸುರಿದರೆ ಕಾವು ಕುಸಿಯುತ್ತೆ. ಅಂಚಿನಲ್ಲಿ ಮೊದಲೇ ಇಟ್ಟು, ಹಿಡಿದ ಮೇಲೆ ನಡುವಕ್ಕೆ ತಳ್ಳಬೇಕು. ಇನ್ನೊಂದು ಮಾತು ಒತ್ತಿ ಹೇಳುತ್ತೇನೆ: ಹೊಗೆ ಕಾಣಲ್ಲ ಅಂತ ಇದ್ದಿಲು ಒಲೆಯನ್ನು ಮುಚ್ಚಿದ ಕೋಣೆಗೆ ತರಬೇಡಿ. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ, ಜೀವಕ್ಕೇ ಅಪಾಯ. ನಮ್ಮದು ಜಗುಲಿಯಲ್ಲೇ ಇರೋದು ಅದಕ್ಕೇ.

ನಮ್ಮ ಜಿಲ್ಲೆಯ ಒಲೆ ಅಂದರೆ ಅಸ್ತ್ರ ಒಲೆಯ ಹೆಸರೂ ಹೇಳಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕಾಗಿ 1974ರಲ್ಲಿ ಶುರುವಾದ ಅಸ್ತ್ರ ವಿಭಾಗಕ್ಕೆ ಕುಣಿಗಲ್ ತಾಲ್ಲೂಕಿನ ಉಂಗ್ರದಲ್ಲಿ ಕೇಂದ್ರ ಇತ್ತು. ಅವರ ಒಲೆಯಲ್ಲಿ ಮೂರು ಪಾತ್ರೆ ಕೂರುತ್ತೆ, ಹೊಗೆ ಚಿಮಣಿಯಿಂದ ಹೊರಗೆ ಹೋಗುತ್ತೆ. ಕಣ್ಣಿಗೆ, ಎದೆಗೆ ಎಷ್ಟೋ ಒಳ್ಳೇದು. ನೆಂಟರ ಮನೆಯಲ್ಲಿ ಅದರ ಮೇಲೆ ಮುದ್ದೆ ಮಾಡಿದಾಗ ಎರಡನೇ ತೂತಿನ ಹಿತವಾದ ಕಾವು ಹಿಟ್ಟು ಬೇಯೋಕೆ ಹೇಳಿ ಮಾಡಿಸಿದಂತಿತ್ತು. ಪಾತ್ರೆ ಮಾತ್ರ ತೂತಿಗೆ ಸರಿಯಾಗಿ ಕೂರಬೇಕು, ಇಲ್ಲಾಂದ್ರೆ ಸಂದಿಯಿಂದ ಹೊಗೆ ಬರುತ್ತೆ.

ಹಾಗಾಗಿ ನಮ್ಮಲ್ಲಿ ಮುದ್ದೆ ಸೌದೆ ಒಲೆಗೆ, ಸಾರು ಇದ್ದಿಲಿಗೆ. ಮಳೆಗಾಲದಲ್ಲಿ ಜಗುಲಿಗೆ ಎರಚಲು ಬಂದರೆ ಸಾರನ್ನು ಕೋಡೊಲೆಗೆ ಕೂರಿಸುತ್ತೇನೆ, ಸ್ವಲ್ಪ ತಡವಾದರೂ ಬೇಯುತ್ತೆ.

ಇದ್ದಿಲು ಒಲೆ ಮಾತ್ರ ಇರುವವರು ಮುದ್ದೆ ಮಾಡಬೇಕಾದರೆ ಗಾಳಿ ಬಾಗಿಲನ್ನು ನಂಬಿ ಕೂರಬೇಡಿ. ಹಿಟ್ಟು ಹಾಕುವ ಮೊದಲು ತಪ್ಪಲೆ ಇಳಿಸಿ, ಅರ್ಧ ಕೆಂಡವನ್ನು ಒಂದು ಪಕ್ಕಕ್ಕೆ ತಳ್ಳಿ, ಉಳಿದಿದ್ದರ ಮೇಲೆ ಒಂದು ಹಿಡಿ ಬೂದಿ ಉದುರಿಸಿ. ಒಲೆಯ ಅಂಚಿಗೆ ಮೂರು ಇಟ್ಟಿಗೆ ಚೂರು ಅಲುಗಾಡದ ಹಾಗೆ ಇಟ್ಟು ತಪ್ಪಲೆಯನ್ನು ಎತ್ತರಿಸಿ. ಕೆಂಡಕ್ಕೂ ತಳಕ್ಕೂ ದೂರ ಹೆಚ್ಚಿದಷ್ಟೂ ಕಾವು ಆಗಿಂದಾಗಲೇ ಇಳಿಯುತ್ತೆ. ಸಣ್ಣಗೆ ಗುಳುಗುಳು ಅನ್ನುವ ಕುದಿ ಬಂದ ಮೇಲೆ ಹಿಟ್ಟು ಹಾಕಿ.