ಯೂಸ್ಡ್ ಟು, ವುಡ್, ಬಿ ಯೂಸ್ಡ್ ಟು: ಎಲ್ಲಿ ಯಾವುದು?

‘ಚಿಕ್ಕವನಿದ್ದಾಗ ದಿನಾ ಕೆರೆಗೆ ಹೋಗುತ್ತಿದ್ದೆ’ ಎನ್ನಲು ‘ಐ ಯೂಸ್ಡ್ ಟು ಗೋ’, ‘ಐ ವುಡ್ ಗೋ’ ಎರಡೂ ನಡೆಯುತ್ತವೆ. ತೊಡಕು ಶುರುವಾಗುವುದು ‘ಇತ್ತು’ ಬಂದಾಗ. ‘ಇಲ್ಲೊಂದು ಬಾವಿ ಇತ್ತು, ಈಗಿಲ್ಲ’ ಎಂಬುದಕ್ಕೆ ‘ದೇರ್ ಯೂಸ್ಡ್ ಟು ಬಿ ಎ ವೆಲ್’ ಮಾತ್ರ ಸರಿ. ವುಡ್ ಮತ್ತೆ ಮತ್ತೆ ಮಾಡಿದ ಕೆಲಸಕ್ಕಷ್ಟೇ. ಇರುವುದು, ಗೊತ್ತಿರುವುದು, ಇಷ್ಟವಾಗುವುದು ಅದಕ್ಕೆ ಒಗ್ಗವು. ಯಾವ ಕಾಲದ ಮಾತೆಂದು ಮೊದಲೇ ತಿಳಿಸಿರಲೂ ಬೇಕು. ಇಲ್ಲದಿದ್ದರೆ ‘ಐ ವುಡ್ ಗೋ’ ಎಂದದ್ದು ‘ಕರೆದರೆ ಹೋದೇನು’ ಎಂಬಂತೆ ಕೇಳಿಸುತ್ತದೆ. ನಮ್ಮ ‘ಹೋಗುತ್ತಿದ್ದೆ’ಗೂ ಇಂಥದ್ದೇ ಇಬ್ಬಗೆ ಇದೆ: ‘ಕರೆದಿದ್ದರೆ ಹೋಗುತ್ತಿದ್ದೆ’ ಎನ್ನುತ್ತೇವಲ್ಲ! ಅನುಮಾನವಿದ್ದರೆ ಯೂಸ್ಡ್ ಟು ಬಳಸಿ.

ಬಿ ಯೂಸ್ಡ್ ಟು ಬೇರೆಯದೇ ಜಾತಿ: ‘ರೂಢಿಯಾಗಿದೆ’ ಎಂದರ್ಥ. ಇಲ್ಲಿನ ‘ಟು’ ನಮ್ಮ ‘ಗೆ’ ಪ್ರತ್ಯಯದಂತೆ; ಅದರ ಮುಂದೆ ನಾಮಪದ ಇಲ್ಲವೇ ‘ಇಂಗ್’ ರೂಪ ಬರಬೇಕು.

ಈ ಎರಡನ್ನು ತುಂಬಿ ನೋಡಿ:
‘ಐ ___ ವಾಕ್ ಟು ಸ್ಕೂಲ್, ಬಟ್ ನೌ ಐ ಟೇಕ್ ದ ಬಸ್.’
‘ಐ ___ ವಾಕಿಂಗ್ ಟು ಸ್ಕೂಲ್, ಸೋ ಇಟ್ ಡಸಂಟ್ ಟೈರ್ ಮಿ.’

ಮೊದಲನೆಯದಕ್ಕೆ ಯೂಸ್ಡ್ ಟು: ನಡಿಗೆ ನಿಂತುಹೋಗಿದೆ. ಎರಡನೆಯದಕ್ಕೆ ಆ್ಯಮ್ ಯೂಸ್ಡ್ ಟು: ನಡೆದು ನಡೆದು ಕಾಲು ಪಳಗಿವೆ, ‘ವಾಕಿಂಗ್’ ಎಂಬುದೇ ಸುಳಿವು. ನಮ್ಮವರು ಹೆಚ್ಚಾಗಿ ಎಡವುವುದು ‘ಐ ಆ್ಯಮ್ ಯೂಸ್ಡ್ ಟು ವಾಕ್’ ಎಂದು ಎರಡನ್ನೂ ಬೆರೆಸಿ. ಹಾಗೆ ಬರೆದರೆ ನಡಿಗೆ ಬಿಟ್ಟಿರೋ, ಈಗಲೂ ಉಂಟೋ ಗೊತ್ತಾಗುವುದಿಲ್ಲ.