ನಾಲ್ಕು ವರ್ಷ ಒಂದೇ ಹೋಟೆಲಿನಲ್ಲಿ ರೂಮ್ ಬ್ಲಾಕ್ ಮಾಡಿಸಿದ ಮೇಲೆ: 5ಕ್ಕೆ 3.5

ನಮ್ಮ ಸಂಘದ ವಾರ್ಷಿಕ ಸಭೆಗೆ ಹೊರಗಿನಿಂದ ಬರುವ ಪ್ರತಿನಿಧಿಗಳಿಗೆ ರೂಮ್ ಹಿಡಿಯುವ ಕೆಲಸ ನಾಲ್ಕು ವರ್ಷದಿಂದ ನನ್ನ ತಲೆ ಮೇಲಿದೆ. ನಾಲ್ಕು ಸಲವೂ ಅದೇ ಹೋಟೆಲು, ಅದೇ ಗ್ರೂಪ್ ಬುಕಿಂಗ್ ವಿಭಾಗ. ಹೆಸರು ಹೇಳುವುದಿಲ್ಲ, ಯಾಕಂದ್ರೆ ನಾನು ಅನುಭವಿಸಿದ ತೊಂದರೆಗಳಲ್ಲಿ ಅರ್ಧ ಅವರದ್ದು, ಇನ್ನರ್ಧ ನನ್ನದೇ. ರೂಮು ಚೊಕ್ಕಟ, ಸಿಬ್ಬಂದಿ ಒಳ್ಳೆಯವರು, ಆ ವಿಷಯ ಅಷ್ಟಕ್ಕೇ ಬಿಡೋಣ. ನಾನು ಹೇಳಬೇಕಾಗಿರುವುದು ಕರಾರಿನಲ್ಲಿ ಬರುವ 'ರಿಲೀಸ್ ಡೇಟ್' ಅನ್ನುವ ಒಂದು ಸಾಲಿನ ಬಗ್ಗೆ. ಅದು ಎರಡು ವರ್ಷ ಎರಡು ಬೇರೆ ಬೇರೆ ರೀತಿಯಲ್ಲಿ ನನಗೆ ಕೈ ಕೊಟ್ಟಿತು.

ಮೊದಲ ವರ್ಷ 45 ರೂಮಿನ ಬ್ಲಾಕ್. ಮುಂಗಡ ಇಲ್ಲ, ದಂಡ ಇಲ್ಲ. ಸಭೆಗೆ 30 ದಿನ ಮುಂಚೆ ರಿಲೀಸ್ ಡೇಟ್, ಅಷ್ಟರೊಳಗೆ ಯಾರು ಯಾವ ರೂಮಿನಲ್ಲಿ ಅನ್ನುವ ರೂಮಿಂಗ್ ಲಿಸ್ಟ್ ಕೊಡಬೇಕು. ಹೆಸರು ಬಾರದ ರೂಮುಗಳು ಆ ದಿನ ಹೋಟೆಲಿಗೆ ವಾಪಸ್. ಎಷ್ಟು ಸಲೀಸು ಅಲ್ವಾ ಅಂದುಕೊಂಡು ಸಹಿ ಹಾಕಿದೆ. ಆ ದಿನಾಂಕ ಹತ್ತಿರ ಬಂದಾಗ ಅವರು ಒಂದು ಫೋನಾದರೂ ಮಾಡುತ್ತಾರೆ ಅಂತ ಸುಮ್ನೆ ನಂಬಿದ್ದೆ. ಮಾಡಲಿಲ್ಲ, ಮಾಡಬೇಕು ಅಂತ ಕರಾರಿನಲ್ಲಿ ಎಲ್ಲೂ ಇರಲೂ ಇಲ್ಲ. ನನ್ನ ಕೈಯಲ್ಲಿ ಆಗ 31 ಹೆಸರಿತ್ತು, ಉಳಿದ 14 ರೂಮು ರಾತ್ರೋರಾತ್ರಿ ಮಾಯ. ಆಮೇಲೆ ಮೂರು ವಾರದಲ್ಲಿ 12 ಜನ ನೋಂದಾಯಿಸಿದರು, ನಮ್ಮ ಜನ ಯಾವಾಗಲೂ ಹೀಗೇ, ಕೊನೆಗೆ ಎದ್ದು ಬರುವವರು. ಹೋಟೆಲಿನಲ್ಲಿ ಐದು ರೂಮು ಸಿಕ್ಕವು, ಅದೂ ಗ್ರೂಪ್ ದರದಲ್ಲಿ ಅಲ್ಲ, ಅವತ್ತಿನ ಮಾಮೂಲಿ ದರದಲ್ಲಿ. ಮಿಕ್ಕ ಏಳು ಜನರನ್ನು ಬೇರೆ ಹೋಟೆಲಿಗೆ ಹಾಕಿ ದಿನಾ ಬೆಳಿಗ್ಗೆ ಗಾಡಿ ಕಳಿಸಿದ್ದೆವು. ಆ ಏಳರಲ್ಲಿ ಒಬ್ಬರು ಮುಖ್ಯ ಭಾಷಣಕಾರರು ಅನ್ನುವುದನ್ನು ನಮ್ಮ ಅಧ್ಯಕ್ಷರು ಇನ್ನೂ ಮರೆತಿಲ್ಲ.

ಎರಡನೇ ವರ್ಷ ಅದಕ್ಕೆ ಪೂರ್ತಿ ಉಲ್ಟಾ ಆಯಿತು, ಮತ್ತು ಅದೇ ನನಗೆ ಹೆಚ್ಚು ಪಾಠ ಕಲಿಸಿದ್ದು. ಬ್ಲಾಕ್ ದೊಡ್ಡದಾಗಿತ್ತು, ಹಾಗಾಗಿ ಈ ಸಲ ಹೋಟೆಲಿನವರು ಗ್ಯಾರಂಟಿ ಕೇಳಿದರು. ಹಿಡಿದದ್ದರಲ್ಲಿ ಶೇ 80ರಷ್ಟನ್ನು ತುಂಬಬೇಕು, ಕಡಿಮೆಯಾದರೆ ಆ ಖಾಲಿ ರೂಮುಗಳ ಬಾಡಿಗೆ ನಾವೇ ಕೊಡಬೇಕು. ಇದಕ್ಕೆ ಅವರ ಭಾಷೆಯಲ್ಲಿ ಅಟ್ರಿಷನ್ ಅಂತಾರೆ. ರಿಲೀಸ್ ಡೇಟ್ ಈ ಕರಾರಿನಲ್ಲೂ ಇತ್ತು, ಅದೇ 30 ದಿನ. ನಾನು ತಿಳಿದುಕೊಂಡಿದ್ದು ಏನಂದ್ರೆ, ಆ ದಿನ ರೂಮು ವಾಪಸ್ ಹೋದರೆ ನಮ್ಮ ಜವಾಬ್ದಾರಿಯೂ ಅದರ ಜೊತೆ ಹೋಯಿತು ಅಂತ. ಮೊದಲ ವರ್ಷ ಹಾಗೇ ಇತ್ತಲ್ಲ. ಆದರೆ ಗ್ಯಾರಂಟಿ ಇರುವ ಕರಾರಿನಲ್ಲಿ ರಿಲೀಸ್ ಅಂದ್ರೆ ಹೋಟೆಲು ಆ ರೂಮನ್ನು ಬೇರೆಯವರಿಗೆ ಮಾರಲು ಸ್ವತಂತ್ರ, ಗ್ರೂಪ್ ದರ ಕೊಡುವ ಹಂಗಿಲ್ಲ, ಅಷ್ಟೇ. ಶೇ 80ರ ಲೆಕ್ಕ ಮಾತ್ರ ನಮ್ಮ ಕುತ್ತಿಗೆಗೇ ಕಟ್ಟಿಕೊಂಡಿರುತ್ತದೆ. ಒಂದೇ ಪದ, ಎರಡು ಕರಾರಿನಲ್ಲಿ ಎರಡು ಅರ್ಥ. ಇದನ್ನು ಗ್ರೂಪ್ ವಿಭಾಗದವರು ಬಾಯಿಬಿಟ್ಟು ಹೇಳಲಿಲ್ಲ. ಒಂದು ಅಂಕ ಕಳೆದಿದ್ದು ಅದಕ್ಕೇ.

ಅವತ್ತಿನ ಲೆಕ್ಕ ನೋಡಿ. ಬುಧವಾರ ರಾತ್ರಿಗೆ 20 ರೂಮು, ಗುರುವಾರಕ್ಕೆ 60, ಶುಕ್ರವಾರಕ್ಕೆ 60. ಒಟ್ಟು 140 ರೂಮ್ ನೈಟ್, ಅಂದರೆ ಒಂದು ರೂಮು ಒಂದು ರಾತ್ರಿಯ ಲೆಕ್ಕದಲ್ಲಿ 140. ಶೇ 80 ಅಂದ್ರೆ 112. ಕೊನೆಗೆ ನಮ್ಮವರು ಉಳಿದದ್ದು ಬುಧವಾರ 20, ಗುರುವಾರ 58, ಶುಕ್ರವಾರ 39. ಒಟ್ಟು 117. 112 ದಾಟಿದೆ, ನೆಮ್ಮದಿಯಾಗಿ ನಿದ್ದೆ ಮಾಡಿದೆ. ಬಿಲ್ ಬಂದಾಗ ಅದರಲ್ಲಿ ಒಂಬತ್ತು ಖಾಲಿ ರೂಮಿನ ಬಾಡಿಗೆ ಇತ್ತು! ಕರಾರು ತೆಗೆದು ಓದಿದರೆ 'ಪ್ರತಿ ರಾತ್ರಿಯೂ ಶೇ 80' ಅಂತ ಇದೆ. ಶುಕ್ರವಾರ 60ರ ಶೇ 80 ಅಂದ್ರೆ 48, ಇದ್ದದ್ದು 39, ಕೊರತೆ 9. ಗುರುವಾರದ ರೂಮುಗಳು ಎಷ್ಟು ತುಂಬಿದರೂ ಶುಕ್ರವಾರದ ಲೆಕ್ಕಕ್ಕೆ ಬರುವುದಿಲ್ಲ. ಇನ್ನೂ ಹೊಟ್ಟೆ ಉರಿದಿದ್ದು ಯಾಕೆ ಅಂದ್ರೆ, ಆ ಶುಕ್ರವಾರ ರಾತ್ರಿ ಹೋಟೆಲು ಪೂರ್ತಿ ತುಂಬಿತ್ತು. ನಾವು ಬಿಟ್ಟ ರೂಮುಗಳಿಗೆ ಬೇರೆ ಅತಿಥಿಗಳು ದುಡ್ಡು ಕೊಟ್ಟಿದ್ದಾರೆ, ನಾವೂ ಕೊಟ್ಟಿದ್ದೇವೆ. ಮಾರಿಹೋದ ರೂಮಿಗೆ ನಮ್ಮಿಂದ ವಸೂಲಿ ಮಾಡಬಾರದು ಅನ್ನುವ ಷರತ್ತನ್ನು ನಾನು ಕೇಳಿಯೇ ಇರಲಿಲ್ಲ, ಹಾಗಾಗಿ ಜಗಳಕ್ಕೆ ಆಧಾರವೂ ಇರಲಿಲ್ಲ.

ನನ್ನ ತಪ್ಪು ಎಲ್ಲಿತ್ತು ಅಂತ ಆಮೇಲೆ ಗೊತ್ತಾಯಿತು. ನಾನು ಜನರನ್ನು ಎಣಿಸುತ್ತಿದ್ದೆ, ರಾತ್ರಿಗಳನ್ನಲ್ಲ. ನೋಂದಣಿ ಫಾರಂನಲ್ಲಿ 'ರೂಮು ಬೇಕೇ' ಅಂತ ಮಾತ್ರ ಇತ್ತು, ಯಾವ ರಾತ್ರಿಗೆ ಅಂತ ಇರಲಿಲ್ಲ. ಶನಿವಾರದ ಕಾರ್ಯಕ್ರಮ ಅರ್ಧ ದಿನದ್ದು, ಜಾಸ್ತಿ ಜನ ಅದನ್ನು ಬಿಟ್ಟು ಶುಕ್ರವಾರ ಸಂಜೆಯೇ ಹೊರಡುತ್ತಾರೆ ಅಂತ ಹಿಂದಿನ ವರ್ಷದ ಪಟ್ಟಿ ನೋಡಿದ್ದರೆ ತಿಳಿಯುತ್ತಿತ್ತು. ಬ್ಲಾಕ್‌ನಲ್ಲಿ ಎಷ್ಟು ರೂಮಿಗೆ ಹೆಸರು ಬಿದ್ದಿದೆ ಅನ್ನುವುದಕ್ಕೆ ಪಿಕಪ್ ರಿಪೋರ್ಟ್ ಅಂತ ಕೊಡುತ್ತಾರೆ. ಕೇಳಿದರೆ ಮಾತ್ರ. ಈಗ ನಾನು ಪ್ರತಿ ಸೋಮವಾರ ಕೇಳುತ್ತೇನೆ, ಒಟ್ಟು ಸಂಖ್ಯೆ ಅಲ್ಲ, ಒಂದೊಂದು ರಾತ್ರಿಗೆ ಬೇರೆ ಬೇರೆ. ಗುರುವಾರದ ಸಾಲು ಏರುತ್ತಾ ಶುಕ್ರವಾರದ ಸಾಲು ನಿಂತಲ್ಲೇ ನಿಂತಿದ್ದರೆ ಶುಕ್ರವಾರದ ರೂಮು ಬಿಡುವ ಹೊತ್ತು ಬಂತು ಅಂತ ಅರ್ಥ.

ಬಿಡಲು ದಾರಿ ಇರಬೇಕಲ್ಲ. ಮೂರನೇ ವರ್ಷದಿಂದ ಕರಾರಿನಲ್ಲಿ ಒಂದೇ ರಿಲೀಸ್ ಡೇಟ್ ಇಲ್ಲ, ಮೂರು ಮೆಟ್ಟಿಲಿದೆ. 90 ದಿನ ಮುಂಚೆ ಶೇ 20ರಷ್ಟು ರೂಮು ದಂಡವಿಲ್ಲದೆ ವಾಪಸ್ ಕೊಡಬಹುದು, 60 ದಿನಕ್ಕೆ ಇನ್ನೊಂದು ಶೇ 10, ಆಮೇಲೆ 30 ದಿನಕ್ಕೆ ಪೂರ್ತಿ ಲಿಸ್ಟ್. ಹೀಗೆ ಕಡಿಮೆ ಮಾಡಿದ ಮೇಲೆ ಉಳಿದ ಸಂಖ್ಯೆಯ ಮೇಲೆ ಶೇ 80ರ ಲೆಕ್ಕ, ಮೊದಲು ಹಿಡಿದ ಸಂಖ್ಯೆಯ ಮೇಲೆ ಅಲ್ಲ. ಈ ಕೊನೆಯ ಮಾತನ್ನು ಬರವಣಿಗೆಯಲ್ಲಿ ಹಾಕಿಸಿಕೊಳ್ಳದಿದ್ದರೆ ಮೆಟ್ಟಿಲು ಇದ್ದೂ ಪ್ರಯೋಜನವಿಲ್ಲ. ಲೆಕ್ಕ ಪ್ರತಿ ರಾತ್ರಿಯದ್ದಲ್ಲ, ಒಟ್ಟು ರೂಮ್ ನೈಟಿನದ್ದು ಅಂತಲೂ ಬದಲಾಯಿಸಿಕೊಂಡೆವು. ಮಾರಿಹೋದ ರೂಮಿಗೆ ದಂಡವಿಲ್ಲ ಅನ್ನುವುದಕ್ಕೂ ಒಪ್ಪಿದರು. ಕೇಳಿದಾಗ ಹೆಚ್ಚು ತಕರಾರು ಮಾಡಲಿಲ್ಲ, ಅದನ್ನು ಮೆಚ್ಚಬೇಕು. ಕೇಳುವವರಿಗೆ ಕೊಡುತ್ತಾರೆ, ಕೇಳದವರಿಗೆ ಹೇಳುವುದಿಲ್ಲ.

ನಮ್ಮ ಕಡೆಯಿಂದ ಮಾಡಿದ್ದು ಒಂದೇ. ರೂಮು ಬೇಕಾದವರ ನೋಂದಣಿಗೆ ಕೊನೆಯ ದಿನವನ್ನು ಹೋಟೆಲಿನ ದಿನಾಂಕಕ್ಕಿಂತ ಹತ್ತು ದಿನ ಹಿಂದಕ್ಕೆ ಇಟ್ಟೆವು. ತಡವಾಗಿ ಬರುವವರಿಗೆ ಅಂತ ನಾಲ್ಕು ರೂಮುಗಳಿಗೆ ನಮ್ಮ ಕಾರ್ಯಕರ್ತರ ಹೆಸರು ಹಾಕಿಟ್ಟು ಆಮೇಲೆ ಬದಲಾಯಿಸುತ್ತೇವೆ. ಇದು ಕಳ್ಳತನ ಅಲ್ಲ, ಮೂರು ದಿನ ಮುಂಚಿನವರೆಗೂ ಹೆಸರು ಬದಲಾಯಿಸಬಹುದು ಅಂತ ಕರಾರಿನಲ್ಲೇ ಇದೆ.

ಇನ್ನು ರೂಮಿಂಗ್ ಲಿಸ್ಟ್. ಮೂರನೇ ವರ್ಷ ಒಬ್ಬ ಪ್ರತಿನಿಧಿಯ ವಿಮಾನ ಗುರುವಾರ ನಸುಕಿನ ಎರಡು ಗಂಟೆಗೆ ಇಳಿಯಿತು. ನಾನು ಚೆಕ್‌ಇನ್ ಗುರುವಾರ ಅಂತ ಬರೆದಿದ್ದೆ, ತಾರೀಕು ಸರಿಯೇ ಇದೆ ನೋಡಿ. ಆದರೆ ಹೋಟೆಲಿಗೆ ಗುರುವಾರದ ರೂಮು ಅಂದ್ರೆ ಗುರುವಾರ ಮಧ್ಯಾಹ್ನದಿಂದ ಶುರು. ಎರಡು ಗಂಟೆ ರಾತ್ರಿಗೆ ಬಂದವರಿಗೆ ಬೇಕಿದ್ದುದು ಬುಧವಾರದ ರಾತ್ರಿ. ಪಾಪ, ಆ ಹಿರಿಯರು ಲಾಬಿಯ ಸೋಫಾದಲ್ಲಿ ಬೆಳಗು ಮಾಡಿದರು. ಅದಾದ ಮೇಲೆ ನಾನು ಫಾರಂನಲ್ಲಿ ಚೆಕ್‌ಇನ್ ತಾರೀಕು ಕೇಳುವುದನ್ನೇ ಬಿಟ್ಟು, ಹೋಟೆಲಿಗೆ ಬಂದು ಸೇರುವ ತಾರೀಕು ಮತ್ತು ಗಂಟೆ ಕೇಳುತ್ತೇನೆ, ಯಾವ ರಾತ್ರಿ ಅನ್ನುವುದನ್ನು ನಾನೇ ಲೆಕ್ಕ ಹಾಕುತ್ತೇನೆ. ಅಂಥವರ ಸಾಲಿನ ಮುಂದೆ 'ನಸುಕಿಗೆ ಬರುತ್ತಾರೆ, ರೂಮು ಬಿಡಬೇಡಿ' ಅಂತಲೂ ಬರೆಯಬೇಕು. ಇಲ್ಲದಿದ್ದರೆ ರಾತ್ರಿ ಬರಲಿಲ್ಲ ಅಂತ ಫ್ರಂಟ್ ಡೆಸ್ಕಿನವರು ನೋ ಶೋ ಹಾಕಿ, ಮುಂದಿನ ರಾತ್ರಿಗಳನ್ನೂ ರದ್ದು ಮಾಡುವ ಸಾಧ್ಯತೆ ಇರುತ್ತದೆ.

ಇಬ್ಬರು ಹಂಚಿಕೊಳ್ಳುವ ರೂಮಿನದ್ದು ಇನ್ನೊಂದು ಗೋಳು. ಎರಡು ಹೆಸರನ್ನು ಎರಡು ಸಾಲಿನಲ್ಲಿ ಬರೆದರೆ ಎರಡು ರೂಮು ಅಂತ ಏರಿಸಿಬಿಡುತ್ತಾರೆ. ನಾನೀಗ ಮೊದಲ ಕಾಲಂನಲ್ಲಿ ನನ್ನದೇ ಕ್ರಮಸಂಖ್ಯೆ ಹಾಕುತ್ತೇನೆ, 17 ಅಂತ ಎರಡು ಸಾಲಿನಲ್ಲಿದ್ದರೆ ಒಂದೇ ರೂಮು, ಟ್ವಿನ್, ಅಂದರೆ ಎರಡು ಬೇರೆ ಮಂಚ. ಡಬಲ್ ಅಂತ ಬರೆದು ಪರಿಚಯವೇ ಇಲ್ಲದ ಇಬ್ಬರು ಪ್ರೊಫೆಸರುಗಳಿಗೆ ಒಂದೇ ದೊಡ್ಡ ಮಂಚ ಕೊಡಿಸಿದ ಕೀರ್ತಿಯೂ ನನಗಿದೆ. ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ, 05/06 ಅಂದ್ರೆ ಯಾವುದು ತಿಂಗಳು ಅಂತ ಒಬ್ಬೊಬ್ಬರು ಒಂದೊಂದು ಥರ ಓದುತ್ತಾರೆ. ಲಿಸ್ಟ್ ಕಳಿಸಿದ ಮೇಲೆ ಬದಲಾವಣೆ ಬಂದರೆ ಪೂರ್ತಿ ಹೊಸ ಲಿಸ್ಟ್ ಕಳಿಸಬೇಡಿ, ಅವರು ಅದರಲ್ಲಿ ಏನು ಬದಲಾಯಿತು ಅಂತ ಹುಡುಕುವುದಿಲ್ಲ. ಬದಲಾದ ಸಾಲುಗಳನ್ನು ಮಾತ್ರ ಕಳಿಸಿ, ಪ್ರತಿ ಹೆಸರಿಗೂ ಕನ್ಫರ್ಮೇಷನ್ ನಂಬರ್ ವಾಪಸ್ ತರಿಸಿಕೊಳ್ಳಿ. ನಂಬರ್ ಬಾರದ ಹೆಸರು ಹೋಟೆಲಿನ ಕಂಪ್ಯೂಟರಿನಲ್ಲಿ ಇಲ್ಲ ಅಂತಲೇ ತಿಳಿಯಿರಿ. ಮೂರನೇ ವರ್ಷ ಹೀಗೆ ತಾಳೆ ನೋಡುವಾಗಲೇ ಇಬ್ಬರ ಹೆಸರು ಎರಡೆರಡು ಸಲ ಸಿಕ್ಕಿತು, ನಮ್ಮ ಲಿಸ್ಟಿನಲ್ಲೂ ಇದ್ದರು, ತಾವೇ ಫೋನ್ ಮಾಡಿ ಬ್ಲಾಕ್‌ನ ಹೊರಗೆ ಬೇರೆಯಾಗಿಯೂ ಬುಕ್ ಮಾಡಿದ್ದರು.

ಬಿಲ್ಲಿಂಗ್ ಬಗ್ಗೆ ದೂರಿಲ್ಲ. ರೂಮಿನ ಬಾಡಿಗೆ ನಮ್ಮ ಮಾಸ್ಟರ್ ಬಿಲ್ಲಿಗೆ, ಬಟ್ಟೆ ಒಗೆಸಿದ್ದು, ಫೋನು, ಮತ್ತೊಂದು ಅವರವರ ಜೇಬಿಗೆ. ಚೆಕ್‌ಇನ್ ಹೊತ್ತಿಗೆ ಎಲ್ಲರ ಹತ್ತಿರವೂ ಕಾರ್ಡ್ ಕೇಳುತ್ತಾರೆ, ಇದನ್ನು ಮೊದಲೇ ತಿಳಿಸದಿದ್ದರೆ ಪ್ರತಿನಿಧಿಗಳು ನಿಮಗೆ ಫೋನ್ ಮಾಡಿ ಬೈಯುತ್ತಾರೆ.

ನಾಲ್ಕನೇ ವರ್ಷ ಬುಧವಾರ 28, ಗುರುವಾರ 60, ಶುಕ್ರವಾರ 42 ಹಿಡಿದೆವು. ಒಟ್ಟು 130, ಬೇಕಾದದ್ದು 104, ತುಂಬಿದ್ದು 124. ದಂಡ ಇಲ್ಲ, ಸೋಫಾ ಇಲ್ಲ, ಗಾಡಿ ಇಲ್ಲ. ಅದಕ್ಕೇ 3.5, ಇಲ್ಲದಿದ್ದರೆ ಎರಡೇ ಕೊಡುತ್ತಿದ್ದೆ. ಉಳಿದ ಅರ್ಧ ಅಂಕ ಕಳೆದಿದ್ದು ಗ್ರೂಪ್ ವಿಭಾಗದಲ್ಲಿ ನಮ್ಮ ಕೆಲಸ ನೋಡುವವರು ಎರಡು ಸಲ ಬದಲಾದದ್ದಕ್ಕೆ. ಹಳಬರು ಬಾಯಿಮಾತಿನಲ್ಲಿ ಒಪ್ಪಿಕೊಂಡಿದ್ದು ಹೊಸಬರಿಗೆ ಗೊತ್ತೇ ಇರುವುದಿಲ್ಲ. ಐದನೇ ವರ್ಷದ ಕರಾರಿನ ಕರಡು ಮೊನ್ನೆ ಬಂತು. ಅದರಲ್ಲಿ ಮತ್ತೆ 'ಪ್ರತಿ ರಾತ್ರಿಯೂ ಶೇ 80' ಅಂತ ಕೂತಿತ್ತು. ಆ ಸಾಲು ಹೊಡೆದು, ಹಿಂದಿನ ವರ್ಷದ ಕರಾರಿನ ಪುಟವನ್ನು ಜೊತೆಗಿಟ್ಟು ಇವತ್ತು ಬೆಳಿಗ್ಗೆ ವಾಪಸ್ ಕಳಿಸಿದ್ದೇನೆ. ಇನ್ನೂ ಉತ್ತರ ಬಂದಿಲ್ಲ.