ಕಪ್ಲರ್ ಫೋಟೊ ನೋಡಿ ಮಿಕ್ಸಿ ಜಾರ್ ತರಿಸಬೇಡಿ

ಮೂರು ದಿನ ಆಯಿತು, ಸಿಟ್ಟು ಇನ್ನೂ ಇಳಿದಿಲ್ಲ. ಡೊಂಬಿವಲಿಯಲ್ಲಿರಲಿ, ಮುಂಬೈಯಲ್ಲಿ ಎಲ್ಲೇ ಇರಲಿ, ವಾಟ್ಸಾಪಿನಲ್ಲಿ ಫೋಟೊ ಕಳಿಸಿ ಮಿಕ್ಸಿ ಜಾರ್ ತರಿಸಬೇಡಿ. ನಾನು ತರಿಸಿದೆ. 950 ರೂಪಾಯಿ ಹೋಯಿತು.

ನಮ್ಮದು 750 ವ್ಯಾಟಿನ ಮಿಕ್ಸಿ. ದೋಸೆ ಹಿಟ್ಟು ರುಬ್ಬುವ ದೊಡ್ಡ ಜಾರ್ ತಳದಲ್ಲಿ ಸೋರುತ್ತಿತ್ತು. ಲೋಹಾರ್ ಚಾಳ್ ಕಡೆಯ ಒಂದು ಅಂಗಡಿಯ ನಂಬರ್ ಸಿಕ್ಕಿತು. ಅಂಗಡಿಯವನು ಮಿಕ್ಸಿ ಮೇಲಿನ ಕಪ್ಲರ್, ಅಂದರೆ ಜಾರಿನ ಬ್ಲೇಡ್ ತಿರುಗಿಸುವ ಹಲ್ಲಿನ ಚಕ್ರದ ಫೋಟೊ ಕಳಿಸಿ ಅಂದ. ಮೇಲಿನಿಂದ ನೇರವಾಗಿ ತೆಗೆದು ಕಳಿಸಿದೆ, ಆರು ಹಲ್ಲು ಸ್ಪಷ್ಟವಾಗಿ ಕಾಣುತ್ತಿತ್ತು. ಒಂದೇ ನಿಮಿಷದಲ್ಲಿ ಅವನ ಜಾರಿನ ತಳದ ಫೋಟೊ ಬಂತು. ಅದರಲ್ಲೂ ಆರು ಹಲ್ಲು. "ಸೇಮ್ ಟು ಸೇಮ್ ಹೈ ಭಾಭೀ, ಆಂಖ್ ಬಂದ್ ಕರ್ಕೆ ಲೇ ಲೋ" ಅಂದ. ಎರಡೂ ಫೋಟೊ ಪಕ್ಕಪಕ್ಕ ಇಟ್ಟು ನೋಡಿದೆ. ಒಂದೇ ಥರ ಇತ್ತು. ದುಡ್ಡು ಕಳಿಸಿಬಿಟ್ಟೆ.

ಭಾನುವಾರ ನಾದಿನಿ ಮನೆಯವರು ಬಂದಿದ್ದರು. ಉದ್ದಿನಬೇಳೆ ನೆನೆಸಿಟ್ಟಿದ್ದೆ. ಹೊಸ ಜಾರ್ ಕೂತಿತು, ಲಾಕ್ ಕೂಡ ತಿರುಗಿತು. ಒಂದಕ್ಕೆ ಹಾಕಿದಾಗ ಕಟಕಟ ಸದ್ದು. ಎರಡಕ್ಕೆ ಹಾಕಿದರೆ ಮೋಟಾರ್ ಕಿರುಚುತ್ತಿದೆ, ಒಳಗೆ ಬೇಳೆ ಅಲ್ಲಾಡುತ್ತಲೇ ಇಲ್ಲ! ರಬ್ಬರ್ ಸುಟ್ಟ ವಾಸನೆ ಬಂತು. ಜಾರ್ ಎತ್ತಿದರೆ ಮಿಕ್ಸಿ ಮೇಲೆಲ್ಲ ಕರಿ ಪುಡಿ. "ಹೊಸ ಜಾರ್ ಅಂದ್ರಲ್ಲ ಅತ್ತಿಗೆ?" ಎಂದು ನಾದಿನಿ ಕೇಳಿದಾಗ ತಲೆ ಎತ್ತಲಾಗಲಿಲ್ಲ.

ಅಂಗಡಿಯವನಿಗೆ ವಿಡಿಯೊ ಕಳಿಸಿದೆ. ಮೊದಲು ಬಂದ ಉತ್ತರ, "ಲೋಡ್ ಜ್ಯಾದಾ ಡಾಲಾ ಹೋಗಾ". ಅರ್ಧ ಜಾರ್ ಕೂಡ ಹಾಕಿರಲಿಲ್ಲ. ಲೋಡ್ ಜಾಸ್ತಿಯಾಗಿದ್ದರೆ ಮಿಕ್ಸಿ ತಳದ ಕೆಂಪು ಬಟನ್ ಹೊರಗೆ ಬಂದು ಮೋಟಾರ್ ನಿಲ್ಲುತ್ತದೆ ಅಲ್ವಾ? ಅದು ಬಂದೇ ಇರಲಿಲ್ಲ. ಯಾಕೆಂದರೆ ಮೋಟಾರಿಗೆ ಲೋಡೇ ಸಿಗುತ್ತಿರಲಿಲ್ಲ, ಹಲ್ಲು ಜಾರುತ್ತಿತ್ತು ಅಷ್ಟೆ. ಇದನ್ನು ಬರೆದರೆ, "ಪುರಾನಾ ಕಪ್ಲರ್ ನಿಕಾಲ್ ಕೆ ಇಸ್ ಮೇ ಲಗಾ ದೋ" ಅಂದ. ಹಳೆ ಜಾರಿನ ಕಪ್ಲರ್ ಬಿಚ್ಚಿ ನೋಡಿದೆವು, ಹೊಸ ಜಾರಿನ ಶಾಫ್ಟಿಗೆ ಥ್ರೆಡ್ಡೇ ಹೊಂದಲಿಲ್ಲ. ಅದನ್ನೂ ಹೇಳಿದೆ. "ಫೋಟೊ ಆಪ್ ಹೀ ನೇ ಭೇಜಾ ಥಾ." ನನ್ನದೇ ತಪ್ಪು ಅನ್ನುವ ಹಾಗೆ! ಆಮೇಲೆ ನೀಲಿ ಟಿಕ್ ಬರುತ್ತದೆ, ಉತ್ತರ ಬರುವುದಿಲ್ಲ.

ನಿಜವಾದ ವ್ಯತ್ಯಾಸ ಏನು ಅಂತ ಸ್ಟೇಷನ್ ಹತ್ತಿರದ ಮಿಸ್ತ್ರಿ ತೋರಿಸಿದರು. ಎರಡೂ ಜಾರ್ ಬೋರಲು ಹಾಕಿ, ತಳದ ಅಂಚಿನ ಮೇಲೆ ಸ್ಕೇಲ್ ಅಡ್ಡ ಇಟ್ಟು, ಅಲ್ಲಿಂದ ಕಪ್ಲರ್ ಎಷ್ಟು ಕೆಳಗಿದೆ ಅಂತ ಅಳೆದರು. ಹಳೆಯದರಲ್ಲಿ 8 ಮಿಲಿಮೀಟರ್, ಹೊಸದರಲ್ಲಿ 13. ಅಂದರೆ ಹೊಸ ಜಾರ್ ಕೂತಾಗ ಅದರ ಕಪ್ಲರ್ ಹಳೆ ಜಾರಿನ ಕಪ್ಲರಿಗಿಂತ 5 ಮಿಲಿಮೀಟರ್ ಮೇಲೆಯೇ ಉಳಿಯುತ್ತದೆ. ಹಲ್ಲಿನ ತುದಿ ಮಾತ್ರ ತಾಗಿ, ಸವೆದು, ಪುಡಿಯಾಗುತ್ತದೆ. ಮೇಲಿನಿಂದ ತೆಗೆದ ಫೋಟೊದಲ್ಲಿ ಈ ಆಳ ಕಾಣುವುದೇ ಇಲ್ಲ. ಅಗಲವೂ ಗೊತ್ತಾಗುವುದಿಲ್ಲ, ಪಕ್ಕದಲ್ಲಿ ಸ್ಕೇಲ್ ಇಟ್ಟಿದ್ದರೆ ಮಾತ್ರ ಗೊತ್ತಾಗುತ್ತದೆ. ಆರು ಹಲ್ಲು ಇದೆ ಅಂದರೆ ಆರು ಹಲ್ಲು ಇದೆ, ಅಷ್ಟೇ. ಈ ವ್ಯಾಪಾರ ಮಾಡುವವನಿಗೆ ಇದು ಗೊತ್ತಿರುವುದಿಲ್ಲವೇ?

ಬ್ಲೇಡ್ ಕತೆಯೂ ಹೀಗೇ. ಹಳೆ ಜಾರಿನ ಬ್ಲೇಡಿನ ರೆಕ್ಕೆಗಳು ಉದ್ದ, ಹಿಟ್ಟನ್ನು ಬದಿಯಿಂದ ಎಳೆದು ತರುತ್ತವೆ. ಇವನು ಕಳಿಸಿದ್ದು ಗಿಡ್ಡ ರೆಕ್ಕೆಯದು, ಒಣ ಮಸಾಲೆ ಪುಡಿ ಮಾಡುವ ಜಾರಿನದು. ಜಾರಿನ ಒಳಗಿನ ಫೋಟೊ ಅವನು ಕೇಳಲೇ ಇಲ್ಲ. ದೋಸೆಗೆ ಅಂತ ನಾನು ಎರಡು ಸಲ ಬರೆದಿದ್ದೆ. ಎರಡು ಸಲ!

ನೀವು ತೆಗೆದುಕೊಳ್ಳುವುದೇ ಆದರೆ ಮಿಕ್ಸಿಯ ಬುಡ ಮತ್ತು ಹಳೆ ಜಾರ್ ಎರಡನ್ನೂ ಹೊತ್ತುಕೊಂಡು ಅಂಗಡಿಗೇ ಹೋಗಿ. ಭಾರ ಆದರೂ ಹೋಗಿ. ಪ್ಲಗ್ ಹಾಕದೆ, ಮೋಟಾರ್ ಕಪ್ಲರಿನ ಹಲ್ಲುಗಳಿಗೆ ಸ್ವಲ್ಪ ಒದ್ದೆ ಅರಿಶಿನ ಹಚ್ಚಿ, ಜಾರ್ ಕೂರಿಸಿ ಲಾಕ್ ಮಾಡಿ ಎತ್ತಿ. ಜಾರಿನ ಕಪ್ಲರಿನಲ್ಲಿ ಅರಿಶಿನ ಒಳಗಿನವರೆಗೆ ಅಂಟಿರಬೇಕು. ತುದಿಗೆ ಮಾತ್ರ ಅಂಟಿದ್ದರೆ ಅಂಗಡಿಯವನು ಏನೇ ಹೇಳಲಿ, ವಾಪಸ್ ಕೊಟ್ಟು ಬನ್ನಿ.

ಹಳೆ ಜಾರ್ ರಿಪೇರಿ ಆಗುವುದೇ ಇಲ್ಲ ಎಂದೂ ಅವನು ಹೇಳಿದ್ದ. ಮಿಸ್ತ್ರಿ ಅದರ ಬುಷ್ ಮತ್ತು ವಾಷರ್ ಬದಲಿಸಿದರು, 120 ರೂಪಾಯಿ. ಹಲ್ಲು ಸವೆದ ಮೋಟಾರ್ ಕಪ್ಲರಿಗೆ ಇನ್ನೂ 60. ನಿನ್ನೆ ಅದರಲ್ಲೇ ಹಿಟ್ಟು ರುಬ್ಬಿದೆ, ಒಂದು ಹನಿಯೂ ಸೋರಲಿಲ್ಲ.